ಅಂಕಿಯಲ್ಲೂ ಅಕ್ಷರದಲ್ಲೂ ಇಪ್ಪತ್ತು ಲಕ್ಷ

'ನಾನು ಒಂದು ಕಾಮಾ ಕೂಡ ಬದಲಾಯಿಸಿಲ್ಲ' ಎಂದು ಆಸ್ಪತ್ರೆಯ ವಾರ್ಡಿನ ನಡುವೆ ನಿಂತು ಜಂಬದಿಂದ ಹೇಳಿದವಳು ನಾನು. ಹೇಳಿ ಹತ್ತು ನಿಮಿಷ ಆಗಿರಲಿಲ್ಲ, ಅದೇ ಕಾಮಾ ನನ್ನ ಸೊಕ್ಕು ಮುರಿಯಿತು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆವತ್ತು ಬರಲಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾವು ರಾಜಾಜಿನಗರದಲ್ಲಿದ್ದೆವು. ರಸ್ತೆಗಳಿಗೆ ಗೆರೆ ಎಳೆದಿದ್ದರು, ಮನೆಗಳಿನ್ನೂ ಅಲ್ಲೊಂದು ಇಲ್ಲೊಂದು. ನಮ್ಮ ಹಿತ್ತಲಿನಿಂದಾಚೆಗೆ ಕುರುಬರಹಳ್ಳಿಯ ರಾಗಿಹೊಲ ಕಾಣುತ್ತಿತ್ತು. ಅಪ್ಪ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಕೂರುವ ಪತ್ರ ಬರಹಗಾರರು. ಮೂಡಲಪಾಳ್ಯದ ಹೊಲ, ಸುಂಕದಕಟ್ಟೆಯ ತೋಟ, ಯಾವುದು ಯಾರ ಕೈಯಿಂದ ಯಾರ ಕೈಗೆ ಹೋದರೂ ಆ ಕಾಗದ ಅಪ್ಪನ ಸೀಸೆಯ ಮಸಿಯಲ್ಲೇ ಬರೆದದ್ದು ಅನ್ನುವಷ್ಟು ಅವರಿಗೆ ಹೆಸರಿತ್ತು. ನಾನು ಊರಾಚೆಯ ಒಂದು ವಿಜ್ಞಾನ ಸಂಸ್ಥೆಯ ಗ್ರಂಥಾಲಯದಲ್ಲಿ ಸಹಾಯಕಿ. ಇಪ್ಪತ್ತಾರು ವರ್ಷ, ಮದುವೆ ಆಗಿರಲಿಲ್ಲ, ಮೂಗಿನ ತುದಿಯಲ್ಲೇ ಕೋಪ. ಆ ಎರಡಕ್ಕೂ ಸಂಬಂಧ ಇದೆ ಎಂದು ಅಮ್ಮ ಹೇಳುತ್ತಿದ್ದಳು.

ರಷ್ಯನ್ ಕಲಿತದ್ದು ಹಟಕ್ಕೆ. ನಮ್ಮ ಗ್ರಂಥಾಲಯಕ್ಕೆ ಸೋವಿಯತ್ ದೇಶದಿಂದ ವಿಜ್ಞಾನ ಪತ್ರಿಕೆಗಳು ಬರಲು ಶುರುವಾಗಿದ್ದವು. ಅವನ್ನು ಯಾವ ಕಪಾಟಿಗೆ ಸೇರಿಸಬೇಕೆಂದು ಯಾರಿಗೂ ಗೊತ್ತಿಲ್ಲದೆ ಮೂಲೆಯಲ್ಲಿ ಗುಡ್ಡೆ ಹಾಕಿದ್ದರು. ಅಕ್ಷರ ಕಲಿತರೆ ಕನಿಷ್ಠ ಹೆಸರಾದರೂ ಓದಬಹುದಲ್ಲ ಅಂದೆ. 'ಹೆಂಗಸರ ಕೈಲಿ ಆಗೋ ಭಾಷೆ ಅಲ್ಲ ಅದು' ಎಂದು ಮೇಲಿನವರೊಬ್ಬರು ನಕ್ಕರು. ನನಗೆ ಅಷ್ಟೇ ಸಾಕಾಯಿತು. ಸಂಜೆ ತರಗತಿಗೆ ಸೇರಿ ಮೂರು ವರ್ಷ ಮಣ್ಣು ಹೊತ್ತ ಹಾಗೆ ದುಡಿದೆ. ಕೊನೆಗೆ ಹೆಸರಷ್ಟೇ ಅಲ್ಲ, ಒಳಗಿನ ಲೇಖನಗಳ ಸಾರಾಂಶವನ್ನೂ ಬರೆದು ಅದೇ ಮಹಾಶಯರ ಮೇಜಿನ ಮೇಲಿಡುವಷ್ಟು ಕಲಿತೆ.

ಹಾಗೆ ಕಲಿತದ್ದರಿಂದಲೇ ರಷ್ಯದವರೊಬ್ಬರ ಪರಿಚಯವಾಯಿತು. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಒಂದು ಕಾರ್ಖಾನೆ ಹಲ್ಲುಚಕ್ರ ಕೊರೆಯುವ ದೊಡ್ಡ ಯಂತ್ರವೊಂದನ್ನು ಅಲ್ಲಿಂದ ತರಿಸಿತ್ತು. ಜೋಡಿಸಿ ಕೊಡಲು ಒಬ್ಬ ಹಿರಿಯ ಇಂಜಿನಿಯರ್ ಬಂದಿದ್ದರು. ಐವತ್ತು ದಾಟಿದ ಮನುಷ್ಯ, ದಪ್ಪ ಹುಬ್ಬು, ಜೇಬಿನಲ್ಲಿ ಸದಾ ಒಂದು ಮಡಿಸುವ ಅಳತೆಪಟ್ಟಿ. ಜೊತೆಗೆ ಬಂದಿದ್ದ ದುಭಾಷಿಯನ್ನು ಉತ್ತರದ ಯಾವುದೋ ಉಕ್ಕಿನ ಕೆಲಸಕ್ಕೆ ಕರೆಸಿಕೊಂಡ ಮೇಲೆ ಇವರು ಕಾರ್ಖಾನೆಯ ಜನರೊಡನೆ ಕೈಸನ್ನೆಯಲ್ಲೇ ಸಂಸಾರ ಮಾಡುತ್ತಿದ್ದರು. ಯಂತ್ರ ಅರ್ಧ ಎದ್ದು ನಿಂತಿತ್ತು. ಅಷ್ಟರಲ್ಲಿ ಇವರಿಗೆ ಜ್ವರ ಹಿಡಿಯಿತು. ವಾರ ಬಿಟ್ಟು ವಾರ ಬರುವ, ಬಿಡುವ, ಮತ್ತೆ ಬರುವ ಜ್ವರ. ಕೊನೆಗೊಂದು ದಿನ ಯಂತ್ರದ ಪಕ್ಕದಲ್ಲೇ ಉಸಿರು ಸಾಲದೆ ಕುಸಿದು ಕೂತರು.

ಆಸ್ಪತ್ರೆಯಲ್ಲಿ ಅವರ ಕಾಯಿಲೆ ಹೇಳಿಸಲು ಯಾರೂ ಸಿಗದೆ ಕಾರ್ಖಾನೆಯ ಮ್ಯಾನೇಜರು ನಮ್ಮ ಗ್ರಂಥಾಲಯಕ್ಕೆ ಓಡಿಬಂದರು. ಹೀಗೆ ನಾನು ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗುವುದು ಶುರುವಾಯಿತು. ಗಂಡಸರ ವಾರ್ಡಿಗೆ ಹೆಣ್ಣುಮಗಳೊಬ್ಬಳೇ ಹೋಗುವುದುಂಟೇ? ಅಪ್ಪ ಜೊತೆಗೆ ಬರುತ್ತಿದ್ದರು. ವಾರ್ಡಿನ ಬಾಗಿಲ ಬೆಂಚಿನ ಮೇಲೆ ಕೊಡೆ ಊರಿಕೊಂಡು ಕೂತು, ನನ್ನ ಕೆಲಸ ಮುಗಿಯುವವರೆಗೂ ಎದ್ದು ಬರುತ್ತಿರಲಿಲ್ಲ. ಆ ಕಾವಲು ನನಗೆ ಕಿರಿಕಿರಿ. ಆದರೆ ರಷ್ಯದವರು ಅಪ್ಪನನ್ನು ಕಂಡಾಗಲೆಲ್ಲ ಹಾಸಿಗೆಯಿಂದಲೇ ಕೈಮುಗಿಯುತ್ತಿದ್ದರು, ಅಪ್ಪನೂ ಮುಗಿಯುತ್ತಿದ್ದರು. ಇಬ್ಬರ ನಡುವೆ ನಡೆದ ಮಾತುಕತೆ ಅಷ್ಟೇ, ಆದರೂ ಇಬ್ಬರಿಗೂ ಅದು ಬೇಕಾಗಿತ್ತು.

ಕಾಯಿಲೆ ಹೃದಯದ್ದು. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಹೃದಯದ ಒಂದು ಕವಾಟಕ್ಕೆ ಪೆಟ್ಟಾಗಿತ್ತಂತೆ. ಈಗ ಆ ಕವಾಟದ ಮೇಲೆ ರೋಗಾಣು ಮನೆಮಾಡಿಕೊಂಡಿದೆ ಎಂದು ದೊಡ್ಡ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಕಂಡುಹಿಡಿದರು. ಪೆನಿಸಿಲಿನ್ ಬರುವ ಮುಂಚೆ ಈ ಕಾಯಿಲೆ ಬಂದವರು ಉಳಿದದ್ದೇ ಅಪರೂಪ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿ, 'ಇದನ್ನ ಅವರಿಗೆ ಹೇಳ್ಬೇಡಿ' ಎಂದು ಕನ್ನಡದಲ್ಲಿ ಸೇರಿಸಿದರು. ಆರು ವಾರ, ಆರಾರು ಗಂಟೆಗೊಮ್ಮೆ ಸೂಜಿ. ನಾಲ್ಕು ವಾರ ಕಳೆಯುವಷ್ಟರಲ್ಲಿ ಜ್ವರ ನಿಂತು, ಮನುಷ್ಯ ಎದ್ದು ಕೂತು ಮೇಜಿನ ಕಾಲು ಕುಂಟಾಗಿದೆ ಎಂದು ಅಳತೆಪಟ್ಟಿ ಹಿಡಿದು ತೋರಿಸುವಂತಾದರು.

ಅಷ್ಟರಲ್ಲಿ ಅವರ ದೇಶದವರಿಂದ ತಂತಿ ಬಂತು. ಉಳಿದ ಎರಡು ವಾರದ ಚಿಕಿತ್ಸೆ ಮಾಸ್ಕೋದಲ್ಲಿ ಆಗಲಿ, ಕಳಿಸಿಕೊಡಿ ಎಂದು. ದಿಲ್ಲಿಯವರೆಗೆ ಆಸ್ಪತ್ರೆಯ ನರ್ಸೊಬ್ಬರು ಸೂಜಿಮದ್ದಿನ ಪೆಟ್ಟಿಗೆ ಹಿಡಿದು ಜೊತೆಗೆ ಹೋಗುವುದು, ಅಲ್ಲಿಂದ ಮುಂದಕ್ಕೆ ಅವರ ಕಡೆಯ ಡಾಕ್ಟರೊಬ್ಬರು ಕರೆದುಕೊಂಡು ಹೋಗುವುದು ಎಂದಾಯಿತು. ಮಾಸ್ಕೋದಲ್ಲಿ ಅವರನ್ನು ನೋಡುವ ಡಾಕ್ಟರಿಗೆ ಇಲ್ಲಿ ಏನು ನಡೆಯಿತೆಂದು ತಿಳಿಯಲು ಇರುವುದು ಒಂದೇ ಒಂದು ಕಾಗದ, ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ. ಅದು ಇಂಗ್ಲಿಷಿನಲ್ಲಿದೆ, ರಷ್ಯನ್ನಿಗೆ ಆಗಬೇಕು.

ಮ್ಯಾನೇಜರು ಆ ಕಾಗದ ತಂದು ನನ್ನ ಮುಂದಿಟ್ಟಾಗ ವಿಮಾನಕ್ಕೆ ಉಳಿದಿದ್ದದ್ದು ಒಂದು ದಿನ. ಒಂದೂವರೆ ಪುಟದ ಟೈಪು. ಗ್ರಂಥಾಲಯದಲ್ಲಿದ್ದ ವೈದ್ಯಕೀಯ ನಿಘಂಟು, ರಷ್ಯನ್ ಪತ್ರಿಕೆಗಳು ಎಲ್ಲವನ್ನೂ ಹರಡಿಕೊಂಡು ಬೆಳಗಿನಿಂದ ಕೂತೆ. ರಷ್ಯನ್ ಅಕ್ಷರದ ಟೈಪ್‌ರೈಟರ್ ಇಡೀ ಊರಿನಲ್ಲಿ ಎಲ್ಲಿತ್ತೋ ನನಗೆ ಗೊತ್ತಿರಲಿಲ್ಲ, ಆದ್ದರಿಂದ ಕೈಬರಹವೇ. ಔಷಧದ ಹೆಸರುಗಳ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ನಮ್ಮ ಕಡೆಯ ಒಂದು ಹೆಸರಿಗೆ ಅವರ ಕಡೆ ಹತ್ತಿರದ ಇನ್ನೊಂದು ಹೆಸರಿದ್ದರೂ ಅದನ್ನು ತಂದು ಕೂರಿಸಲಿಲ್ಲ. ಡಿಗಾಕ್ಸಿನ್ ಎಂದಿದ್ದರೆ ಡಿಗಾಕ್ಸಿನ್ನೇ. ಡಿಜಿಟಾಕ್ಸಿನ್ ಎಂಬ ಬೇರೆ ಮದ್ದಿದೆ, ಅದರ ಪ್ರಮಾಣ ಬೇರೆ, ಎರಡೂ ಒಂದೇ ಗಿಡದ ಜಾತಿಯವು ಎಂದು ಒಂದರ ಬದಲು ಇನ್ನೊಂದು ಬರೆದರೆ ಹೃದಯದ ಕಾಯಿಲೆಯ ಮನುಷ್ಯ ಏನಾಗಬೇಕು? ರಷ್ಯನ್ ಅಕ್ಷರದಲ್ಲಿ ಬರೆದು, ಪಕ್ಕದಲ್ಲೇ ಮೂಲದ ಲ್ಯಾಟಿನ್ ಅಕ್ಷರದಲ್ಲೂ ಬರೆದೆ. ಪ್ರಮಾಣಗಳನ್ನಂತೂ ಟೈಪಿನಲ್ಲಿ ಇದ್ದದ್ದು ಇದ್ದಂತೆಯೇ ಇಳಿಸಿದೆ. ಅಂಕಿಯಲ್ಲಿ ಕೈಯಾಡಿಸುವುದು ನನ್ನ ಕೆಲಸ ಅಲ್ಲ ಅಂದುಕೊಂಡೆ.

ಮಧ್ಯಾಹ್ನ ಎರಡು ಗಂಟೆಗೆ ಅಪ್ಪನ ಜೊತೆ ಬಸ್ಸಿನಲ್ಲಿ ಆಸ್ಪತ್ರೆಗೆ ಬಂದೆ. ಮ್ಯಾನೇಜರು ಆಗಲೇ ಹಾಸಿಗೆಯ ಹತ್ತಿರ ನಿಂತು ಗಡಿಯಾರ ನೋಡುತ್ತಿದ್ದರು. ನಾಲ್ಕಕ್ಕೆ ಆಸ್ಪತ್ರೆಯ ಕಚೇರಿ ಮುಚ್ಚುತ್ತದೆ, ಅಷ್ಟರೊಳಗೆ ಮೊಹರು ಬೀಳಬೇಕು, ಬೇಗ ಕೊಡಿ ಎಂದರು. 'ಸರಿಯಾಗಿದೆ ತಾನೆ?' ಎಂದು ಕೇಳಿದಾಗಲೇ ನಾನು ಆ ಕಾಮಾದ ಮಾತು ಆಡಿದ್ದು.

ಯಾವುದೇ ಕಾಗದವನ್ನೂ ಬರೆಸಿಕೊಂಡವರಿಗೆ ಓದಿ ಹೇಳದೆ ಸಹಿ ಹಾಕಿಸಬಾರದು ಎಂಬುದು ಅಪ್ಪನ ಕಸುಬಿನ ನಿಯಮ. ಅದು ನನಗೂ ಅಂಟಿತ್ತು. ಆದ್ದರಿಂದ ಕಾಗದವನ್ನು ಮ್ಯಾನೇಜರ ಕೈಗೆ ಕೊಡದೆ ಮೊದಲು ರೋಗಿಯ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ, ನಕ್ಷೆ ಓದುವವರ ಹಾಗೆ ಮೇಲಿಂದ ಕೆಳಕ್ಕೆ ಬೆರಳಿಟ್ಟುಕೊಂಡು ಬಂದರು. ಕಾಯಿಲೆಯ ಚರಿತ್ರೆ, ರಕ್ತದ ವರದಿ, ಎಲ್ಲಕ್ಕೂ ತಲೆಯಾಡಿಸಿದರು. ಎರಡನೆಯ ಪುಟದಲ್ಲಿ 'ಮುಂದುವರಿಸಬೇಕಾದ ಔಷಧಗಳು' ಎಂಬಲ್ಲಿ ಬೆರಳು ನಿಂತಿತು. ನಿಂತದ್ದು ಮುಂದೆ ಹೋಗಲೇ ಇಲ್ಲ.

ಅಲ್ಲಿ ಪೆನಿಸಿಲಿನ್ ಐದು ಲಕ್ಷ ಯೂನಿಟ್, ಆರು ಗಂಟೆಗೊಮ್ಮೆ, ದಿನಕ್ಕೆ ಒಟ್ಟು ಇಪ್ಪತ್ತು ಲಕ್ಷ ಎಂದಿತ್ತು. ನಮ್ಮ ಟೈಪಿಸ್ಟು ನಾವೆಲ್ಲ ಬರೆಯುವ ಹಾಗೆಯೇ ಬರೆದಿದ್ದ. ಐದು, ಕಾಮಾ, ಎರಡು ಸೊನ್ನೆ, ಕಾಮಾ, ಮೂರು ಸೊನ್ನೆ. ನಾನೂ ಹಾಗೆಯೇ ಇಳಿಸಿದ್ದೆ.

'ಇದೇನು?' ಎಂದರು. 'ಐದು ಯೂನಿಟ್ಟೇ?'

ಐದು ಲಕ್ಷ ಎನ್ನಲು ಬಾಯಿ ತೆರೆದೆ. ಲಕ್ಷಕ್ಕೆ ರಷ್ಯನ್ನಿನಲ್ಲಿ ಪದವಿಲ್ಲ. ಐದು ನೂರು ಸಾವಿರ ಎಂದೆ.

ಅವರು ಕಾಗದವನ್ನು ನನ್ನ ಕಡೆ ತಿರುಗಿಸಿ ತುಂಬ ಸಮಾಧಾನದಿಂದ ವಿವರಿಸಿದರು. ಅವರ ದೇಶದಲ್ಲಿ ಕಾಮಾ ಎಂದರೆ ನಮ್ಮ ದಶಮಾಂಶದ ಚುಕ್ಕೆ. ಕಾಮಾದ ಹಿಂದಿನದು ಪೂರ್ಣ, ಮುಂದಿನದು ಚೂರು. ಶಾಲೆಯ ಮಗುವಿನಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ಹಾಗೇ ಓದುವುದು. ಎರಡು ಕಾಮಾ ಇರುವ ಅಂಕಿಯನ್ನು ಅವರು ಜನ್ಮದಲ್ಲೇ ಕಂಡಿಲ್ಲ. 'ಮಗಳೇ, ಅನುಮಾನ ಬಂದ ಅಂಕಿಯನ್ನು ಜನ ತಮಗೆ ಗೊತ್ತಿರುವ ಅಂಕಿಯ ಕಡೆಗೆ ಎಳೆದುಕೊಳ್ಳುತ್ತಾರೆ. ನನ್ನ ಹೆಂಡತಿಗೆ ಶ್ವಾಸಕೋಶದ ಜ್ವರ ಬಂದಾಗ ಒಂದೊಂದು ಸೂಜಿಗೆ ಐವತ್ತು ಸಾವಿರ ಕೊಟ್ಟಿದ್ದರು. ಇದನ್ನು ನೋಡಿದ ನಮ್ಮ ಡಾಕ್ಟರು, ಪಾಪ, ಇಂಡಿಯಾದವರು ಒಂದು ಸೊನ್ನೆ ಜಾಸ್ತಿ ಹಾಕಿದ್ದಾರೆ ಅಂದುಕೊಂಡು ಐವತ್ತು ಸಾವಿರ ಕೊಡುತ್ತಾರೆ.'

ಅಯ್ಯೋ, ಇದ್ದದ್ದು ಇದ್ದಂತೆ ಇಳಿಸುವುದೇ ನಿಖರ ಅಂದುಕೊಂಡಿದ್ದೆನಲ್ಲ! ಮೂರು ವರ್ಷ ಅವರ ಪತ್ರಿಕೆ ಓದಿದ್ದೇನೆ, ಕೋಷ್ಟಕಗಳಲ್ಲಿ ಕಾಮಾ ಚುಕ್ಕೆಯ ಕೆಲಸ ಮಾಡುವುದನ್ನು ಸಾವಿರ ಸಲ ನೋಡಿದ್ದೇನೆ. ಅದು ಅವರ ಅಂಕಿ ಓದುವಾಗ ನೆನಪಿತ್ತು, ನಮ್ಮ ಅಂಕಿ ಬರೆಯುವಾಗ ಮರೆತಿತ್ತು. ಹುಟ್ಟಿದಾಗಿನಿಂದ ಕಂಡ ಲಕ್ಷದ ಕಾಮಾ ಕಣ್ಣಿಗೆ ಕಾಮಾ ಎಂದೇ ಕಾಣುವುದಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಕಾಗದವನ್ನು ಅಲ್ಲೇ ಹರಿದು ಹಾಕಬೇಕೆನ್ನಿಸಿತು.

ವಿಷಯ ತಿಳಿದ ಮ್ಯಾನೇಜರು ಮಾತ್ರ ಸ್ವಲ್ಪವೂ ಅಲುಗಾಡಲಿಲ್ಲ. ಇಂಗ್ಲಿಷ್ ಮೂಲವನ್ನೂ ಲಗತ್ತಿಸುತ್ತೇವಲ್ಲ, ಅಲ್ಲಿಯವರೂ ಡಾಕ್ಟರುಗಳೇ, ಗೊತ್ತು ಮಾಡಿಕೊಳ್ಳುತ್ತಾರೆ ಎಂದರು. ಮೂಲದಲ್ಲೂ ಅವೇ ಕಾಮಾಗಳಿವೆ ಸ್ವಾಮಿ ಎಂದೆ. ಹಾಗಾದರೆ ಅಂಕಿಯನ್ನೇ ಬಿಟ್ಟು 'ಪೆನಿಸಿಲಿನ್ ಮುಂದುವರಿಸುವುದು' ಎಂದಷ್ಟೇ ಬರೆಯಿರಿ, ಎಷ್ಟು ಕೊಡಬೇಕೋ ಅವರೇ ನೋಡಿಕೊಳ್ಳಲಿ ಎಂದು ಬುದ್ಧಿ ಹೇಳಿದರು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ನಿಮ್ಮ ಯಂತ್ರದ ಕಾಗದದಲ್ಲಿ 'ಸುಮಾರು ಇಷ್ಟು ಅಗಲ, ಉಳಿದದ್ದು ನೋಡಿಕೊಳ್ಳಿ' ಎಂದು ಬರೆದು ಕಳಿಸಿದ್ದರೆ ಒಪ್ಪುತ್ತಿದ್ದಿರಾ ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಕೇಳಿದೆ. ಪಕ್ಕದ ಹಾಸಿಗೆಯ ಮುದುಕರು ಕೆಮ್ಮುವುದನ್ನು ನಿಲ್ಲಿಸಿ ನೋಡಿದರು. ಮ್ಯಾನೇಜರ ಕಿವಿ ಕೆಂಪಾಯಿತು.

ಗಲಾಟೆ ಕೇಳಿ ದೊಡ್ಡ ಡಾಕ್ಟರೇ ಬಂದರು. ನಾನು ತಪ್ಪನ್ನು ಮುಚ್ಚಿಡದೆ ಒಪ್ಪಿಕೊಂಡೆ. ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು.

'ನೋಡಿ, ಜ್ವರ ಹೋಗಿದೆ, ಹುಳ ಇನ್ನೂ ಪೂರ್ತಿ ಸತ್ತಿಲ್ಲ. ಈ ಎರಡು ವಾರ ಡೋಸು ಕಮ್ಮಿ ಆಯ್ತೋ, ಅದು ತಿರುಗಾ ಎದ್ದೇಳುತ್ತೆ. ಈ ಸಲ ಎದ್ರೆ ವಾಲ್ವ್ ಉಳಿಯಲ್ಲ, ಇವರೂ ಉಳಿಯಲ್ಲ' ಎಂದರು. ಅಲ್ಲಿಯ ಡಾಕ್ಟರುಗಳಿಗೆ ಈ ಪ್ರಮಾಣ ಜಾಸ್ತಿ ಅನ್ನಿಸಬಹುದು, ಅನ್ನಿಸಿದರೂ ಇದು ಕೈತಪ್ಪಿ ಬಿದ್ದ ಸೊನ್ನೆಯಲ್ಲ, ಬೇಕೆಂದೇ ಕೊಟ್ಟದ್ದು ಎಂದು ಅವರಿಗೆ ಖಾತ್ರಿಯಾಗಬೇಕು, ಹಾಗೆ ಬರೆಯಬಲ್ಲಿರಾ ಎಂದು ಕೇಳಿದರು.

ಕಾಮಾ ತೆಗೆದುಬಿಟ್ಟರೆ ಆಯಿತು ಎಂದು ನಾನು ಅಂದುಕೊಂಡಿದ್ದೆ. ಡಾಕ್ಟರ ಮಾತು ಕೇಳಿದ ಮೇಲೆ ಅದು ಸಾಲದು ಎಂದು ತಿಳಿಯಿತು. ಬರೀ ಸೊನ್ನೆಗಳ ಸಾಲನ್ನು ಯಾರು ನಂಬುತ್ತಾರೆ? ಕಾಗದ ಹಿಡಿದುಕೊಂಡು ಬಾಗಿಲಿಗೆ ಬಂದೆ. ಬೆಂಚಿನ ಮೇಲೆ ಅಪ್ಪ ಕೊಡೆ ಊರಿಕೊಂಡು ಹಾಗೆಯೇ ಕೂತಿದ್ದರು. ಒಳಗಿನ ಮಾತೆಲ್ಲ ಕಿವಿಗೆ ಬಿದ್ದಿತ್ತು.

'ಅಂಕೀಲಿ ಬರ್ದಿದ್ದೀಯ, ಅಕ್ಷರದಲ್ಲಿ ಎಲ್ಲಮ್ಮ?' ಎಂದರು.

'ಅಕ್ಷರದಲ್ಲಾ?' ಎಂದೆ.

'ಎರಡೆಕರೆ ಹತ್ತು ಗುಂಟೆ ಅಂತ ಅಂಕೀಲಿ ಬರ್ದು ಅಷ್ಟಕ್ಕೇ ಬಿಟ್ರೆ ನಮ್ ರಿಜಿಸ್ಟ್ರಾರು ಕಾಗದ ಮುಟ್ಟಲ್ಲ. ಅಂಕಿ ತಿದ್ದಬಹುದು, ಅಳ್ಸಬಹುದು, ತಪ್ಪು ಓದ್ಬಹುದು. ಅಕ್ಷರದಲ್ಲಿ ಕೂತು ಬರ್ದವ್ನು ಕೈತಪ್ಪಿ ಬರ್ದ ಅಂತ ಯಾರೂ ಅನ್ನಲ್ಲ ಕಣಮ್ಮ.'

ಮೂವತ್ತು ವರ್ಷ ಅಪ್ಪ ಮಾಡಿಕೊಂಡು ಬಂದ ಕೆಲಸ ಅದು. ಆ ಪತ್ರಗಳ ನಡುವೆಯೇ ಬೆಳೆದ ನಾನು, 'ಅಕ್ಷರದಲ್ಲಿ' ಎಂಬ ಪದವನ್ನು ಓದು ಬರುವ ಮುಂಚೆಯೇ ಕೇಳಿದ್ದವಳು, ಪರದೇಶದ ಭಾಷೆ ಕಲಿತ ಮೇಲೆ ಮನೆಯ ಕಸುಬನ್ನು ಮರೆತಿದ್ದೆ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಇದು ಆಗುವ ಕೆಲಸ ಎಂದು ಧೈರ್ಯ ಬಂತು.

ಅಪ್ಪ ಇನ್ನೂ ಎರಡು ಮಾತು ಹೇಳಿದರು. ಇದ್ದ ಕಾಗದದಲ್ಲಿ ಹೊಡೆದು ತಿದ್ದಬೇಡ, ಮೊದಲಿಂದ ಬೇರೆ ಬರೆ. ಪ್ರತಿ ಪುಟದ ಕೆಳಗೂ ಡಾಕ್ಟರ ಸಹಿ ಹಾಕಿಸು. ಅಷ್ಟು ಹೇಳಿ ತಮ್ಮ ಜೇಬಿನ ಪೆನ್ನು ತೆಗೆದು ನನ್ನ ಕೈಗಿಟ್ಟರು. ಆ ಪೆನ್ನನ್ನು ಅವರು ನನಗೆ ಒಂದು ದಿನವೂ ಮುಟ್ಟಲು ಕೊಟ್ಟಿರಲಿಲ್ಲ.

ಮೂರು ಗಂಟೆಯಾಗಿತ್ತು. ನರ್ಸಮ್ಮನವರ ಮೇಜಿನ ಮುಂದೆ ಕೂತು ಮತ್ತೆ ಶುರು ಮಾಡಿದೆ. ಈ ಸಲ ಒಂದೊಂದು ಅಂಕಿಯನ್ನೂ ಅನುಮಾನಿಸುತ್ತಲೇ ಬರೆದೆ. ಮೂಲದಲ್ಲಿ ಬರೀ ಕ್ರಿಸ್ಟಲೈನ್ ಪೆನಿಸಿಲಿನ್ ಎಂದಿತ್ತು. ಅದು ಯಾವ ಲವಣ ಎಂದು ಗೊತ್ತಾಗಲೆಂದು ಖಾಲಿ ಸೀಸೆ ಕೇಳಿ ತರಿಸಿಕೊಂಡು, ಅದರ ಚೀಟಿಯ ಮೇಲಿದ್ದಂತೆ ಸೋಡಿಯಂ ಎಂದು ಡಾಕ್ಟರ ಒಪ್ಪಿಗೆ ಪಡೆದು ಸೇರಿಸಿದೆ. ಪ್ರಮಾಣದ ಜಾಗದಲ್ಲಿ ಕಾಮಾ ಇಲ್ಲ. ಐದು ನೂರು, ನಡುವೆ ಜಾಗ, ಮೂರು ಸೊನ್ನೆ. ಪಕ್ಕದಲ್ಲೇ ಅಕ್ಷರದಲ್ಲಿ ಐದು ನೂರು ಸಾವಿರ ಯೂನಿಟ್, ಆರು ಗಂಟೆಗೊಮ್ಮೆ, ಸ್ನಾಯುವಿಗೆ. ದಿನಕ್ಕೆ ಒಟ್ಟು ಎರಡು, ಜಾಗ, ಮೂರು ಸೊನ್ನೆ, ಜಾಗ, ಮೂರು ಸೊನ್ನೆ. ಅಕ್ಷರದಲ್ಲಿ, 'ದ್ವಾ ಮಿಲ್ಲಿಯೋನಾ', ಎರಡು ಮಿಲಿಯನ್. ನಮ್ಮ ಇಪ್ಪತ್ತು ಲಕ್ಷ. ನಾಲ್ಕು ಸೂಜಿ ಕೂಡಿಸಿದರೆ ಒಟ್ಟು ತಾಳೆಯಾಗುತ್ತದೆ, ಒಂದು ಕಡೆ ಸೊನ್ನೆ ತಪ್ಪಿದರೆ ಇನ್ನೊಂದು ಕಡೆ ಸಿಕ್ಕಿಬೀಳುತ್ತದೆ.

ಡಿಗಾಕ್ಸಿನ್ನಿಗೆ ಬಂದರೆ ಇದಕ್ಕೆ ತದ್ವಿರುದ್ಧ. ಮೂಲದಲ್ಲಿ ಸೊನ್ನೆ, ಚುಕ್ಕೆ, ಇಪ್ಪತ್ತೈದು ಮಿಲಿಗ್ರಾಂ. ಅಲ್ಲಿ ಚುಕ್ಕೆ ತೆಗೆದು ಕಾಮಾ ಹಾಕಿದೆ, ಅಕ್ಷರದಲ್ಲಿ ಮಿಲಿಗ್ರಾಮಿನ ನೂರರಲ್ಲಿ ಇಪ್ಪತ್ತೈದು ಭಾಗ ಎಂದು ಬರೆದೆ. ರಾತ್ರಿ ನಿದ್ದೆಗೆ ಕೊಡುವ ಫೀನೋಬಾರ್ಬಿಟೋನನ್ನು ನಮ್ಮವರು ಅರ್ಧ ಗ್ರೇನ್ ಎಂದು ಬರೆದಿದ್ದರು. ಆ ಬ್ರಿಟಿಷ್ ತೂಕವನ್ನು ನಾನು ಮಿಲಿಗ್ರಾಮಿಗೆ ಇಳಿಸಬಲ್ಲೆನಾದರೂ ಇಳಿಸಲಿಲ್ಲ, ಅದು ಡಾಕ್ಟರ ಕೆಲಸ. ಅವರೇ ಮೂಲದಲ್ಲಿ ಮೂವತ್ತು ಮಿಲಿಗ್ರಾಂ ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿಕೊಟ್ಟ ಮೇಲೆ ಅದನ್ನೂ ಅಂಕಿಯಲ್ಲಿ, ಅಕ್ಷರದಲ್ಲಿ ಸೇರಿಸಿದೆ. ಪೆನಿಸಿಲಿನ್ನಿನ ಸಾಲಿನ ಕೆಳಗೆ ಡಾಕ್ಟರು ಹೇಳಿಸಿದ ಒಂದು ವಾಕ್ಯ: ಈ ಪ್ರಮಾಣವನ್ನು ಉದ್ದೇಶಪೂರ್ವಕವಾಗಿ ಕೊಡಲಾಗಿದೆ, ಇನ್ನು ಹದಿನಾಲ್ಕು ದಿನ ಕಡಿಮೆ ಮಾಡಬಾರದು.

ಬರೆದು ಮುಗಿಸಿದಾಗ ಮೂರೂ ಮುಕ್ಕಾಲು. ಮ್ಯಾನೇಜರು ಕೈ ಚಾಚಿದರು. ಇನ್ನೊಂದು ಕೆಲಸ ಇದೆ ಎಂದೆ. ಅಂಕಿಗಳ ಮಟ್ಟಿಗೆ ಮೂವರೂ ಸೇರಿ ತಾಳೆ ನೋಡಿದೆವು. ರೋಗಿ ನನ್ನ ಬರಹ ನೋಡಿ ರಷ್ಯನ್ನಿನಲ್ಲಿ ಗಟ್ಟಿಯಾಗಿ ಓದುವುದು, ಅವರ ಬಾಯಿಂದ ಬಂದದ್ದನ್ನು ನಾನು ಕಾಗದ ನೋಡದೆ ಇಂಗ್ಲಿಷಿನಲ್ಲಿ ಹೇಳುವುದು, ಡಾಕ್ಟರು ತಮ್ಮ ಮೂಲದಲ್ಲಿ ಪೆನ್ಸಿಲಿನಿಂದ ಗುರುತು ಹಾಕುವುದು. ಇಷ್ಟು ಹೊತ್ತು ಮುನಿಸಿಕೊಂಡಿದ್ದ ಮ್ಯಾನೇಜರು ಆಗ ಒಂದು ಒಳ್ಳೆಯ ಕೆಲಸ ಮಾಡಿದರು. ಕಚೇರಿಗೆ ಓಡಿಹೋಗಿ, ಬಾಗಿಲು ಹಾಕುತ್ತಿದ್ದ ಗುಮಾಸ್ತರನ್ನು ಮೊಹರಿನ ಸಮೇತ ವಾರ್ಡಿಗೇ ಎಳೆದುಕೊಂಡು ಬಂದರು.

'ದ್ವಾ ಮಿಲ್ಲಿಯೋನಾ' ಎಂದು ರೋಗಿ ಕೊನೆಗೆ ಪೆನಿಸಿಲಿನ್ನಿನ ಒಟ್ಟು ಓದಿದರು. ಎರಡು ಮಿಲಿಯನ್ ಎಂದೆ. ಡಾಕ್ಟರು ಗುರುತು ಹಾಕಿದರು. ಮೊಹರು ಬಿತ್ತು.

ಮರುದಿನ ಬೆಳಿಗ್ಗೆ ಅವರು ಹೋದರು. ಕಾಗದವನ್ನು ಪೆಟ್ಟಿಗೆಯಲ್ಲಿ ಇಡಿ ಎಂದರೂ ಕೇಳದೆ ಕೋಟಿನ ಒಳಜೇಬಿಗೆ ಹಾಕಿಕೊಂಡರಂತೆ. ಆಮೇಲೆ ಸುದ್ದಿಯೇ ಇಲ್ಲ. ಒಂದು ತಿಂಗಳಾಯಿತು, ಮೂರಾಯಿತು, ಆರಾಯಿತು. ಕಾರ್ಖಾನೆಯಲ್ಲಿ ಅರ್ಧ ನಿಂತ ಯಂತ್ರಕ್ಕೆ ಗೋಣಿತಾಟು ಹೊದಿಸಿದ್ದರು. ಬಸ್ಸಿನಲ್ಲಿ ಹೋಗುವಾಗ ಆ ಗೇಟು ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಅಲ್ಲಿಯ ಡಾಕ್ಟರು ನನ್ನ ಬರಹವನ್ನು ನಂಬಿದರೋ ಇಲ್ಲವೋ? ಹಾಳಾದ ಅಂಚೆಯಲ್ಲಿ ಒಂದು ಸಾಲು ಬರಬಾರದೇ? ಅಮ್ಮನ ಮೇಲೆ, ಹಾಲಿನವಳ ಮೇಲೆ, ಗ್ರಂಥಾಲಯಕ್ಕೆ ಪುಸ್ತಕ ತಡವಾಗಿ ತರುವವರ ಮೇಲೆ ಸುಮ್ಮಸುಮ್ಮನೆ ರೇಗಿದೆ. ಅಪ್ಪ ಮಾತ್ರ, ಬರೆಯುವ ಹಾಗೆ ಬರೆದಿದ್ದೀಯ, ಇನ್ನು ಓದುವವರ ಕೆಲಸ ಎನ್ನುತ್ತಿದ್ದರು.

ವರ್ಷ ತುಂಬಿದ ಮೇಲೆ ಒಂದು ಬೆಳಿಗ್ಗೆ ಮ್ಯಾನೇಜರು ಗ್ರಂಥಾಲಯದ ಬಾಗಿಲಲ್ಲಿ ನಿಂತಿದ್ದರು. ಏನು ಎತ್ತ ಎಂದು ಹೇಳಲಿಲ್ಲ, ನಿಮ್ಮ ತಂದೆಯವರನ್ನೂ ಕರೆದುಕೊಂಡು ಕಾರ್ಖಾನೆಗೆ ಬನ್ನಿ ಎಂದಷ್ಟೇ ಹೇಳಿ ಹೋದರು. ಮುಖದಲ್ಲಿ ನಗುವಿತ್ತೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಗೋಣಿತಾಟು ತೆಗೆದಿದ್ದರು, ಯಂತ್ರ ಪೂರ್ತಿ ಎದ್ದು ನಿಂತಿತ್ತು. ಯಂತ್ರದ ಕೆಳಗಿನಿಂದ ಎರಡು ಬೂಟು ಕಾಣುತ್ತಿದ್ದವು. ಬೂಟುಗಳು ಅಲುಗಾಡಿದವು, ಮೈಯೆಲ್ಲ ಎಣ್ಣೆ ಮಾಡಿಕೊಂಡು ಮನುಷ್ಯ ಎದ್ದು ಬಂದರು. ಅದೇ ಹುಬ್ಬು, ಅದೇ ಅಳತೆಪಟ್ಟಿ. ಸ್ವಲ್ಪ ದಪ್ಪಗಾಗಿದ್ದರು. ಅಪ್ಪನನ್ನು ಕಂಡು ಎಣ್ಣೆಗೈಯಲ್ಲೇ ಕೈಮುಗಿದರು. ನನಗೆ ಅಳು ಬಂತು. ಕಾರ್ಖಾನೆಯ ಅಷ್ಟೂ ಗಂಡಸರ ಎದುರಿಗೆ ಅತ್ತೆ, ಸೆರಗಿನಲ್ಲಿ ಮೂಗು ಒರೆಸಿಕೊಂಡೆ, ಯಾರೂ ನಗಲಿಲ್ಲ.

ಕೈ ತೊಳೆದುಕೊಂಡು ಬಂದು ಅವರು ಒಳಜೇಬಿನಿಂದ ಆ ಕಾಗದ ತೆಗೆದರು. ಮಡಿಕೆಗಳಲ್ಲಿ ಸವೆದಿತ್ತು. ಪೆನಿಸಿಲಿನ್ನಿನ ಸಾಲಿನಲ್ಲಿ, ಅಂಕಿಯ ಮೇಲೆ ಯಾರೋ ಕೆಂಪು ಪೆನ್ಸಿಲಿನಲ್ಲಿ ದೊಡ್ಡದೊಂದು ಪ್ರಶ್ನೆಗುರುತು ಹಾಕಿದ್ದರು. ಪಕ್ಕದ ಅಕ್ಷರಗಳ ಕೆಳಗೆ ಅದೇ ಕೆಂಪಿನಲ್ಲಿ ಎರಡು ಗೆರೆ ಎಳೆದಿದ್ದರು.

ಅಲ್ಲಿ ಅವರನ್ನು ನೋಡಿದ್ದು ವಯಸ್ಸಾದ ಒಬ್ಬ ಡಾಕ್ಟರಮ್ಮ. ಅಂಕಿ ನೋಡಿದ ಕೂಡಲೇ ಇಷ್ಟೊಂದು ಯಾರಾದರೂ ಕೊಡುತ್ತಾರೆಯೇ, ಸೊನ್ನೆ ಹೆಚ್ಚಾಗಿದೆ ಎಂದು ಪ್ರಶ್ನೆಗುರುತು ಹಾಕಿದರಂತೆ. ಹತ್ತನೇ ಒಂದು ಪಾಲು ಕೊಡಿ ಎಂದು ನರ್ಸಿಗೆ ಹೇಳಲು ಬಾಯಿ ತೆರೆದವರು, ಪಕ್ಕದ ಅಕ್ಷರ ಓದಿ ನಿಂತರಂತೆ. ಸೊನ್ನೆ ತಪ್ಪಿ ಬೀಳಬಹುದು, ಎರಡು ಮಿಲಿಯನ್ ಎಂದು ಕೈಯಿಂದ ಇಷ್ಟು ದುಂಡಗೆ ಯಾರೂ ತಪ್ಪಿ ಬರೆಯುವುದಿಲ್ಲ ಎಂದು, ಕೆಳಗಿನ ವಾಕ್ಯವನ್ನೂ ಓದಿ, ಗೆರೆ ಎಳೆದು, ಹದಿನಾಲ್ಕು ದಿನವೂ ಪೂರ್ತಿ ಪ್ರಮಾಣ ಕೊಡಿಸಿದರಂತೆ. ಜ್ವರ ಮತ್ತೆ ಬರಲಿಲ್ಲ. ಇದನ್ನೆಲ್ಲ ಅವರು ಹೇಳುತ್ತಿದ್ದರೆ ನಾನು ಸಾಲುಸಾಲಾಗಿ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಬೀಗಿದೆ ಎಂದೇ ಹೇಳಬೇಕು. ಮ್ಯಾನೇಜರಿಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಅಪ್ಪ ಕನ್ನಡಕ ಹಾಕಿಕೊಂಡು ಕಾಗದವನ್ನು ಕೈಗೆ ತೆಗೆದುಕೊಂಡರು. ಒಂದಕ್ಷರವೂ ಅವರಿಗೆ ತಿಳಿಯದು.

'ಇದ್ರಲ್ಲಿ ಇಪ್ಪತ್ತು ಲಕ್ಷ ಯಾವ್ದಮ್ಮ?' ಎಂದರು.

ತೋರಿಸಿದೆ. ಅವರು ಆ ಎರಡು ಕೆಂಪು ಗೆರೆಯ ಮೇಲೆ ಬೆರಳಾಡಿಸಿ, ಪತ್ರಗಳನ್ನು ಕೊನೆಗೆ ಪರೀಕ್ಷಿಸುವ ಹಾಗೆ ಕಾಗದವನ್ನು ಬೆಳಕಿಗೆ ಹಿಡಿದು, 'ತಿದ್ದುಪಡಿ ಇಲ್ಲ' ಎಂದರು. ಅಪ್ಪನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಕಾಗದವನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳಬಹುದೇ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ರಷ್ಯದವರು ಕೈ ನೀಡಿ ಅದನ್ನು ವಾಪಸು ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಎದೆಯ ಮೇಲಿನ ಒಳಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ಆಮೇಲೆ ಯಂತ್ರದ ಹತ್ತಿರ ಹೋಗಿ ಸ್ವಿಚ್ಚು ಒತ್ತಿದರು. ಒಂದು ವರ್ಷ ಸುಮ್ಮನೆ ನಿಂತಿದ್ದ ಯಂತ್ರ ಗುಡುಗುಡು ಎಂದು ತಿರುಗಲು ಶುರುವಾಯಿತು.